ತಾಯಿ, ಮಗಳು, ಒಂದು ಫೈಲು: ಕೌನ್ಸೆಲಿಂಗ್‌ಗೆ ಹೋಗುವ ಕತೆ ಬರೆಯುವ ಸಮಗ್ರ ಮಾರ್ಗದರ್ಶಿ

ಹಳ್ಳಿಯ ತಾಯಿಯೊಬ್ಬಳು ಮಗಳನ್ನು ಕರೆದುಕೊಂಡು ಸಿಇಟಿ ಕೌನ್ಸೆಲಿಂಗ್‌ನ ದಾಖಲೆ ಕೊಡೋಕೆ ಪೇಟೆಗೆ ಹೋಗುತ್ತಾಳೆ. ನಮ್ಮ ಕಥಾ ಕಮ್ಮಟಕ್ಕೆ ಬರುವ ಹೊಸಬರಲ್ಲಿ ಪ್ರತಿ ಸಲವೂ ಇಬ್ಬರು ಮೂವರಾದರೂ ಈ ಕತೆ ಬರೆದು ತರುತ್ತಾರೆ. ಹೆಚ್ಚಿನವರು ತಮ್ಮ ಮನೆಯಲ್ಲೇ ಇದನ್ನು ಕಂಡವರು. ಆದರೂ ಕತೆ ಒಂದೇ ಜಾಗದಲ್ಲಿ ಕುಸಿಯುತ್ತದೆ. ಬಸ್ಸು ಹತ್ತುವವರೆಗೆ ಚೆನ್ನಾಗಿರುತ್ತದೆ, ಕೌಂಟರ್ ಮುಂದೆ ನಿಂತ ಮೇಲೆ ಏನು ಬರೆಯಬೇಕೋ ತೋಚುವುದಿಲ್ಲ. ಆಗ ಯಾರೋ ಬೈಯುತ್ತಾರೆ, ತಾಯಿ ಅಳುತ್ತಾಳೆ, ಕತೆ ಮುಗಿಯುತ್ತದೆ.

ನಾನು ಕೆಲವು ವರ್ಷ ಆ ಕೌಂಟರಿನ ಈಚೆ ಬದಿಯಲ್ಲಿ, ದಾಖಲಾತಿ ಪರಿಶೀಲನೆಯ ಡ್ಯೂಟಿಗೆ ಕೂತವನು. ಹಾಗಾಗಿ ಕತೆ ಎಲ್ಲಿ ಕುಸಿಯುತ್ತದೆ, ಯಾಕೆ ಕುಸಿಯುತ್ತದೆ ಅನ್ನೋದು ಗೊತ್ತು. ಒಂದು ಕತೆಯನ್ನೇ ಕೈಯಲ್ಲಿ ಹಿಡಿದು, ಮೊದಲಿನಿಂದ ಕೊನೆಯವರೆಗೆ ಕಟ್ಟುತ್ತಾ ಹೋಗೋಣ. ತಾಯಿ ರತ್ನಮ್ಮ, ಮಗಳು ಪವಿತ್ರ. ಇಬ್ಬರೂ ಕಲ್ಪನೆಯವರು. ಊರು ಮಧುಗಿರಿ ತಾಲ್ಲೂಕಿನ ಮಿಡಿಗೇಶಿ ಹತ್ತಿರದ ಒಂದು ಹಳ್ಳಿ. ಹೋಗಬೇಕಾದ ಪೇಟೆ ತುಮಕೂರು.

## ಬೇಕಾಗುವ ಸಾಮಾನು

ಒಂದು ಕ್ಯಾಲೆಂಡರ್, ಬಸ್ ಹೊರಡುವ ವೇಳೆ ಬರೆದ ಚೀಟಿ, ಒಂದು ಪ್ಲಾಸ್ಟಿಕ್ ಫೈಲು. ಫೈಲು ನಿಜವಾಗಿಯೂ ಬೇಕು. ನಿಮ್ಮದೋ ತಂಗಿಯದೋ ಹಳೆಯ ದಾಖಲೆಗಳನ್ನು ಅದರೊಳಗೆ ಜೋಡಿಸಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಎಷ್ಟು ದಪ್ಪ, ಜೆರಾಕ್ಸ್ ಹಾಳೆ ಎಷ್ಟು ತೆಳು, ಯಾವುದನ್ನು ಎಳೆದರೆ ಯಾವುದು ಅಂಟಿಕೊಂಡು ಬರುತ್ತದೆ ಅನ್ನೋದು ಕೈಗೆ ಗೊತ್ತಾಗಬೇಕು.

## ಹಂತ 1: ವರ್ಷ ಮತ್ತು ಜಾಗ ಮೊದಲು ಗಟ್ಟಿ ಮಾಡಿಕೊಳ್ಳಿ

ಕೌನ್ಸೆಲಿಂಗ್ ನಡೆಯುವ ರೀತಿ ಕಾಲಕ್ಕೆ ತಕ್ಕ ಹಾಗೆ ಬದಲಾಗಿದೆ. ಮೊದಲಿನ ಕಾಲದಲ್ಲಿ ಬೆಂಗಳೂರಿಗೇ ಹೋಗಬೇಕಿತ್ತು, ಕಂಪ್ಯೂಟರ್ ಮುಂದೆ ಕೂತು ಅಲ್ಲೇ ಸೀಟು ಆರಿಸಬೇಕಿತ್ತು. ಆಮೇಲೆ ದಾಖಲೆ ಪರಿಶೀಲನೆ ಜಿಲ್ಲೆಯ ಕೇಂದ್ರಗಳಿಗೆ ಬಂತು, ಕಾಲೇಜುಗಳ ಆಯ್ಕೆಯನ್ನು ಆನ್‌ಲೈನ್‌ನಲ್ಲಿ ತುಂಬುವ ಹಾಗಾಯಿತು. 2020ರಲ್ಲಿ ಕೊರೊನಾ ಬಂದಾಗ ದಾಖಲೆಗಳನ್ನೂ ಅಪ್‌ಲೋಡ್ ಮಾಡುವ ಪದ್ಧತಿ ಬಂತು.

ಇದನ್ನು ನೋಡದೆ ಬರೆದರೆ ಏನಾಗುತ್ತದೆ? ಒಬ್ಬರ ಕತೆಯಲ್ಲಿ ತಾಯಿ ಬಸ್ಸಿನಲ್ಲಿ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾಳೆ. ಅದೇ ಕತೆಯಲ್ಲಿ ಮಗಳು ಕೌಂಟರ್ ಮುಂದೆ ಕೂತು ಸೀಟು ಆರಿಸುತ್ತಾಳೆ. ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಎರಡೂ ಒಂದೇ ದಿನ ನಡೆಯೋಕೆ ಸಾಧ್ಯವೇ ಇಲ್ಲ. ಕೌನ್ಸೆಲಿಂಗ್ ಕಂಡ ಓದುಗರು ಅಲ್ಲಿಗೇ ಪುಟ ಮಡಚುತ್ತಾರೆ.

ನಮ್ಮ ಕತೆಗೆ 2019 ಇಟ್ಟುಕೊಳ್ಳೋಣ. ಆಗ ಟಿಕೆಟಿಗೆ ದುಡ್ಡು ಬೇಕು, ಇಬ್ಬರೂ ಖುದ್ದಾಗಿ ತುಮಕೂರಿಗೆ ಹೋಗಲೇಬೇಕು. ಕಾಲವೂ ನಮಗೆ ಒದಗಿ ಬರುತ್ತದೆ. ಪರಿಶೀಲನೆ ನಡೆಯುವುದು ಮಳೆಗಾಲದ ಶುರುವಿಗೆ, ಮಧುಗಿರಿ ಸೀಮೆಯಲ್ಲಿ ಕಡ್ಲೆಕಾಯಿ ಬಿತ್ತನೆಗೆ ತಯಾರಾಗುವ ಹೊತ್ತಿಗೆ. ಬಿತ್ತನೆಗೆ ಮೊದಲು ಬೀಜಕ್ಕೆ ಕಡ್ಲೆಕಾಯಿ ಸುಲಿಯಬೇಕು. ದಿನಗಟ್ಟಲೆ ಸುಲಿದು ರತ್ನಮ್ಮನ ಹೆಬ್ಬೆರಳು, ತೋರುಬೆರಳಿನ ತುದಿ ಒಡೆದಿರುತ್ತದೆ. ಈ ಬೆರಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

## ಹಂತ 2: ‘ದಾಖಲೆಗಳು’ ಅನ್ನಬೇಡಿ, ಒಂದು ಹಾಳೆ ಆರಿಸಿ

ಇಡೀ ಕತೆ ನಿಲ್ಲುವುದು ಇಲ್ಲಿ. ‘ಅವಳ ದಾಖಲೆ ಸರಿ ಇರಲಿಲ್ಲ’ ಎಂದು ಬರೆದರೆ ಓದುಗರಿಗೆ ಏನೂ ಕಾಣುವುದಿಲ್ಲ. ಯಾವ ಹಾಳೆ? ಅದರಲ್ಲಿ ಏನಿಲ್ಲ? ಅದನ್ನು ಯಾರು ಕೊಡಬೇಕು? ಅವರು ಎಲ್ಲಿ ಕೂತಿದ್ದಾರೆ?

ಫೈಲಿನಲ್ಲಿ ಸಿಇಟಿ ಅರ್ಜಿಯ ಪ್ರಿಂಟು, ಪ್ರವೇಶ ಪತ್ರ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ತಹಶೀಲ್ದಾರರ ಜಾತಿ-ಆದಾಯ ಪತ್ರ, ವ್ಯಾಸಂಗ ಪತ್ರ ಇರುತ್ತವೆ. ಇವುಗಳ ಜೊತೆಗೆ ಹಳ್ಳಿ ಮಕ್ಕಳ ಫೈಲಿನಲ್ಲಿ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರವೂ ಇರುತ್ತದೆ. ನನ್ನ ಅನುಭವದಲ್ಲಿ ಕತೆಗೆ ಇದಕ್ಕಿಂತ ಒಳ್ಳೆಯ ಹಾಳೆ ಇಲ್ಲ.

ಯಾಕೆ ಅಂತೀರಾ? ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲೇ ಓದಿದವರಿಗೆ ಶೇಕಡ 15 ಮೀಸಲಾತಿ ಇದೆ. ಅದಕ್ಕೆ ಶಾಲೆಯ ಮುಖ್ಯ ಶಿಕ್ಷಕರು ಪ್ರಮಾಣಪತ್ರ ಬರೆದುಕೊಟ್ಟರೆ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಅವರ ಮೇಲುರುಜು ಬೇಕು. ಎರಡು ಶಾಲೆಯಲ್ಲಿ ಓದಿದ್ದರೆ ಎರಡೂ ಶಾಲೆಯ ಲೆಕ್ಕ ಬರಬೇಕು. ಪವಿತ್ರ ಏಳನೇ ತರಗತಿವರೆಗೆ ಊರ ಶಾಲೆ, ಎಂಟರಿಂದ ಹತ್ತು ಹೋಬಳಿಯ ಹೈಸ್ಕೂಲು. ಹೈಸ್ಕೂಲಿನ ಹಾಳೆಗೆ ಬಿಇಒ ಸಹಿ ಆಗಿದೆ. ಊರ ಶಾಲೆಯ ಹಾಳೆಗೆ ಹೆಡ್‌ಮೇಷ್ಟ್ರ ಸಹಿ ಮಾತ್ರ ಇದೆ, ಕೆಳಗಿನ ಜಾಗ ಖಾಲಿ. ಒಂದೇ ಫೈಲಿನಲ್ಲಿ ಎರಡು ಒಂದೇ ಥರದ ಹಾಳೆ. ಒಂದರಲ್ಲಿ ಸೀಲು ಕಂಡ ತಾಯಿ, ಮಗಳು ಇಬ್ಬರೂ ಎಲ್ಲಾ ಆಗಿದೆ ಅಂದುಕೊಂಡಿದ್ದಾರೆ. ಇಂಥ ಫೈಲನ್ನು ಡ್ಯೂಟಿಯಲ್ಲಿ ನಾನು ನೋಡಿದ್ದೇನೆ. ಯಾರ ದಡ್ಡತನವೂ ಇಲ್ಲದೆ ಆಗುವ ತಪ್ಪು ಇದು. ಕತೆಗೆ ಬೇಕಾಗಿರುವುದೂ ಇಂಥದ್ದೇ.

ಈ ಹಾಳೆಗೆ ಇನ್ನೊಂದು ಗುಣ ಇದೆ. ಇಲ್ಲದೇ ಹೋದರೂ ಹುಡುಗಿಗೆ ಕೌನ್ಸೆಲಿಂಗ್ ತಪ್ಪುವುದಿಲ್ಲ. ಗ್ರಾಮೀಣ ಮೀಸಲಾತಿ ಮಾತ್ರ ಹೋಗುತ್ತದೆ. ಕಟ್-ಆಫ್ ಪಟ್ಟಿಯಲ್ಲಿ 2AG ಪಕ್ಕದಲ್ಲೇ 2AR ಇರುತ್ತದೆ, ಕೊನೆಯ ಆ ಒಂದು ಅಕ್ಷರವೇ ಗ್ರಾಮೀಣ. ಅಂದರೆ ‘ಹೋಗಲಿ ಬಿಡಿ’ ಅನ್ನುವ ಸುಲಭದ ದಾರಿಯೂ ತೆರೆದೇ ಇದೆ. ಪಾತ್ರದ ಮುಂದೆ ಎರಡು ದಾರಿ ಇದ್ದಾಗ ಮಾತ್ರ ಅವಳು ಎಂಥವಳು ಅಂತ ಗೊತ್ತಾಗೋದು.

ಎಚ್ಚರಿಕೆಯ ಗುರುತು: ಫೈಲು ಬಸ್ಸಿನಲ್ಲಿ ಕಳೆದುಹೋಯಿತು, ಮಳೆಯಲ್ಲಿ ತೊಯ್ದುಹೋಯಿತು, ಕಳ್ಳ ಕಿತ್ತುಕೊಂಡ ಎಂದು ಬರೆಯುವ ಆಸೆ ಬಂದರೆ ಅಲ್ಲೇ ನಿಲ್ಲಿಸಿ. ನೀವು ಇನ್ನೂ ಹಾಳೆ ಆರಿಸಿಲ್ಲ ಅಂತ ಅರ್ಥ.

## ಹಂತ 3: ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿ

ಈಗ ತಿಳಿದ ಓದುಗರು ಕೇಳುತ್ತಾರೆ: ‘ಇನ್ನೊಂದು ದಿನ ಬಂದರೆ ಆಗಲ್ವಾ?’ ನ್ಯಾಯವಾದ ಪ್ರಶ್ನೆ. ರ‍್ಯಾಂಕಿನ ಪ್ರಕಾರ ದಿನ ಕೊಟ್ಟಿರುತ್ತಾರೆ ನಿಜ, ಆದರೆ ಆ ದಿನ ತಪ್ಪಿದವರನ್ನು ಆಮೇಲೂ ನೋಡುವುದುಂಟು. ಹಾಗಾಗಿ ಪವಿತ್ರಳ ರ‍್ಯಾಂಕನ್ನು ಕೆಳಗಿಳಿಸಿ, ಅವಳ ಸರದಿಯನ್ನು ಕೊನೆಯ ದಿನಕ್ಕೆ ತನ್ನಿ. ಒಂದು ಬಾಗಿಲು ಮುಚ್ಚಿತು.

‘ಫೋನ್ ಮಾಡಿ ವಾಟ್ಸಾಪ್‌ನಲ್ಲಿ ತರಿಸಿಕೊಳ್ಳಬಹುದಲ್ವಾ?’ ಇಲ್ಲ. ನೋಡಬೇಕಾದದ್ದು ಒರಿಜಿನಲ್, ಅದು ಇವರ ಕೈಯಲ್ಲೇ ಇದೆ. ಎರಡನೆಯದೂ ಮುಚ್ಚಿತು.

‘ತುಮಕೂರಲ್ಲೇ ಯಾರ ಹತ್ತಿರವಾದರೂ ಸಹಿ ಹಾಕಿಸಿದರೆ?’ ಆಗಲ್ಲ. ಮೇಲುರುಜು ಹಾಕಬೇಕಾದವರು ಆ ಶಾಲೆ ಇರುವ ಮಧುಗಿರಿಯ ಬಿಇಒ.

ಮೂರೂ ಉತ್ತರಗಳನ್ನು ಕತೆಯಲ್ಲಿ ಬಿಡಿಸಿ ಹೇಳಬೇಕಿಲ್ಲ. ಕೌಂಟರಿನ ಮೇಷ್ಟ್ರ ಬಾಯಲ್ಲಿ ಒಂದು ಸಾಲು ಸಾಕು: ‘ಇವತ್ತೇ ಲಾಸ್ಟು ಕಣಮ್ಮ, ಸಾಯಂಕಾಲದೊಳಗೆ ಬಿಇಒ ಸೈನ್ ಇದ್ರೆ ತಗೊಂಬನ್ನಿ.’ ಆದರೆ ಉತ್ತರ ನಿಮಗೆ ಗೊತ್ತಿರಲೇಬೇಕು.

## ಹಂತ 4: ಗಡಿಯಾರ ಇಟ್ಟು ದಾರಿ ಬರೆಯಿರಿ

ಮಿಡಿಗೇಶಿ, ಮಧುಗಿರಿ, ಕೊರಟಗೆರೆ, ತುಮಕೂರು. ಪಾವಗಡದಿಂದ ಬರುವ ಬಸ್ಸಿನ ದಾರಿ ಇದು. ಮಧುಗಿರಿಯಿಂದ ತುಮಕೂರಿಗೆ ನಲವತ್ತು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಬಸ್ಸಿಗೆ ಒಂದು ಕಾಲು ಗಂಟೆ ಅಂತ ಹಿಡಿಯಿರಿ.

ಕತೆಯ ವೇಳೆ ಹೀಗೆ ಬರೆದುಕೊಳ್ಳಿ:

- ಬೆಳಗ್ಗೆ 6.00: ಮಿಡಿಗೇಶಿಯಲ್ಲಿ ಬಸ್ಸು
- 8.30: ತುಮಕೂರು
- 11.30: ಕೌಂಟರಿನಲ್ಲಿ ತಪ್ಪು ಗೊತ್ತಾಗುತ್ತದೆ
- 12.00: ತುಮಕೂರಿನಿಂದ ವಾಪಸ್ ಬಸ್ಸು
- 1.15: ಮಧುಗಿರಿ. ಬಿಇಒ ಆಫೀಸಿನಲ್ಲಿ ಊಟದ ಹೊತ್ತು
- 3.30: ಮಧುಗಿರಿಯಿಂದ ಮತ್ತೆ ಬಸ್ಸು
- 4.45: ತುಮಕೂರು ಬಸ್ ನಿಲ್ದಾಣ
- 5.30: ಕೇಂದ್ರ ಮುಚ್ಚುವ ಹೊತ್ತು

ಲೆಕ್ಕ ನೋಡಿ. ಮಧುಗಿರಿಯಲ್ಲಿ ಎರಡು ಗಂಟೆ ಹದಿನೈದು ನಿಮಿಷ ಸಿಗುತ್ತದೆ. ಬಿಇಒ ಊಟಕ್ಕೆ ಹೋಗಿ ಬಂದು, ಒಂದು ಶಾಲೆ ನೋಡಿಕೊಂಡು ಬಂದರೂ ಸಹಿ ಆಗಬಹುದು, ಆಗದೆಯೂ ಇರಬಹುದು. ಕೊನೆಗೆ ಬಸ್ ನಿಲ್ದಾಣದಿಂದ ಕೇಂದ್ರಕ್ಕೆ ಮುಕ್ಕಾಲು ಗಂಟೆ ಉಳಿಯುತ್ತದೆ. ಆಗುತ್ತೆ, ಆದರೆ ಕಷ್ಟ. ಊರನ್ನು ಪಾವಗಡದ ಆಚೆ ಇಟ್ಟಿದ್ದರೆ ಒಂದು ದಿನದಲ್ಲಿ ಹೋಗಿ ಬರೋದೇ ಅನುಮಾನ, ಕೊರಟಗೆರೆ ಆಗಿದ್ದರೆ ತೀರಾ ಸಲೀಸು. ಊರು ಆರಿಸುವುದು ಅಂದರೆ ಇದೇ. ಹೆಸರು ಚೆನ್ನಾಗಿದೆ ಅಂತ ಊರು ಆರಿಸಬೇಡಿ.

ಸಾಮಾನ್ಯ ತಪ್ಪು: ಕಮ್ಮಟದ ಒಬ್ಬ ಹುಡುಗ, ಬಿಇಒ ಅದೇ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲೇ ಕೂತಿದ್ದರು ಎಂದು ಬರೆದಿದ್ದ. ಜೀವನದಲ್ಲಿ ಹಾಗೂ ಆಗಬಹುದು. ಆದರೆ ಕತೆಯಲ್ಲಿ ಅದು ತಾಯಿಯ ಕೈಯಿಂದ ಕೆಲಸವನ್ನೇ ಕಿತ್ತುಕೊಳ್ಳುತ್ತದೆ. ಒಳ್ಳೆಯ ಆಟೋದವನು, ಒಳ್ಳೆಯ ಪೊಲೀಸು, ದೂರದ ನೆಂಟ, ಇವರೆಲ್ಲ ಮಾಡುವುದೂ ಇದನ್ನೇ.

## ಹಂತ 5: ಕೌಂಟರಿನ ದೃಶ್ಯ

ಇಲ್ಲಿ ಅವಸರ ಬೇಡ. ಇಡೀ ಕತೆಯ ಮೂರನೇ ಒಂದು ಭಾಗ ಇದಕ್ಕೇ ಹೋದರೂ ಸರಿ.

ಹೊಸಬರು ಹೆಚ್ಚಾಗಿ ಬರೆಯುವುದು ಹೀಗೆ:

> ‘ಏನಮ್ಮಾ, ಸಹಿ ಇಲ್ಲದೆ ಯಾಕೆ ಬಂದೆ? ಹಳ್ಳಿ ಗಮಾರರು!’ ಅಧಿಕಾರಿ ಫೈಲನ್ನು ಬಿಸಾಡಿದ. ತಾಯಿಯ ಕಣ್ಣಲ್ಲಿ ನೀರು ತುಂಬಿತು. ‘ಮಗಳೇ, ನಾವು ಬಡವರು, ನಮಗೆ ಈ ಪೇಟೆಯಲ್ಲಿ ಯಾರಿದ್ದಾರೆ?’

ಮೂರು ತಪ್ಪು. ಆ ಮೇಜಿನ ಹಿಂದೆ ಕೂತವರು ಹೆಚ್ಚಾಗಿ ಕಾಲೇಜು ಮೇಷ್ಟ್ರುಗಳು. ದಿನಕ್ಕೆ ನೂರಾರು ಫೈಲು ನೋಡಿ ಸುಸ್ತಾಗಿರುತ್ತಾರೆ. ಸಿಡುಕಬಹುದು, ಆದರೆ ಫೈಲು ಬಿಸಾಡಿದರೆ ಕತೆಯ ಜಗಳ ಆ ಮನುಷ್ಯನ ಜೊತೆಗಾಗಿ ಬಿಡುತ್ತದೆ, ಖಾಲಿ ಜಾಗದ ಹಾಳೆ ಮರೆತುಹೋಗುತ್ತದೆ. ಎರಡನೆಯದು, ‘ನಾವು ಬಡವರು’ ಅಂತ ಮಗಳಿಗೆ ತಾಯಿ ವಿವರಿಸುವುದಿಲ್ಲ, ಮಗಳಿಗೆ ಅದು ಗೊತ್ತಿದೆ. ಮೂರನೆಯದು ‘ಮಗಳೇ’. ಅದು ಧಾರಾವಾಹಿಯ ಮಾತು. ಆ ಸೀಮೆಯ ತಾಯಿ ಹೆಣ್ಣು ಮಗುವನ್ನೂ ‘ಮಗ’ ಅಂತಲೇ ಕರೆಯುತ್ತಾಳೆ.

ಅದೇ ದೃಶ್ಯವನ್ನು ಹಾಳೆಯ ಕಡೆಯಿಂದ ಬರೆದು ನೋಡೋಣ:

> ಮೇಷ್ಟ್ರು ಎರಡು ಹಾಳೆಯನ್ನೂ ಪಕ್ಕಪಕ್ಕ ಇಟ್ಟರು. ‘ಇದಕ್ಕಾಗಿದೆ. ಇದಕ್ಕಿಲ್ಲ, ನೋಡಮ್ಮ.’
>
> ಪವಿತ್ರ ಬಗ್ಗಿ ನೋಡಿದಳು. ಖಾಲಿ ಜಾಗ ಇಷ್ಟು ದಿನ ಕಂಡೇ ಇರಲಿಲ್ಲ.
>
> ‘ರೂರಲ್ ಬಿಟ್ಟು ಮಾಡ್ಲಾ? ಐದೇ ನಿಮಿಷ, ಸ್ಲಿಪ್ ಕೊಟ್ಬಿಡ್ತೀನಿ.’
>
> ‘ಹೂಂ ಸಾರ್’ ಅಂದಳು ಪವಿತ್ರ. ಬೆಳಗ್ಗೆಯಿಂದ ನಿಂತು ಕಾಲು ನೋಯುತ್ತಿತ್ತು.
>
> ‘ರೂರಲ್ ಅಂದ್ರೆ ಏನು ಸಾ?’ ರತ್ನಮ್ಮ ಕೇಳಿದಳು.
>
> ‘ಹಳ್ಳೀಲಿ ಓದಿರೋ ಮಕ್ಕಳಿಗೆ ಬೇರೆ ಸೀಟಿರ್ತವಮ್ಮ. ಅದು ಬಿಟ್ಟು ಮಾಮೂಲಿದ್ರಲ್ಲಿ ಹಾಕ್ತೀನಿ.’
>
> ‘ಇವ್ಳು ಓದಿದ್ದು ಹಳ್ಳೀಲೇ ಅಲ್ವಾ ಸಾ?’

ಕತೆ ತಿರುಗುವುದು ಈ ಕೊನೆಯ ಪ್ರಶ್ನೆಯಲ್ಲಿ. ರತ್ನಮ್ಮನಿಗೆ ಮೀಸಲಾತಿಯ ಲೆಕ್ಕ ಗೊತ್ತಿಲ್ಲ. ಮಗಳು ಏಳು ವರ್ಷ ಆ ಶಾಲೆಗೆ ನಡೆದು ಹೋದದ್ದು ಮಾತ್ರ ಗೊತ್ತು. ನಡೆದ ಸಂಗತಿಯನ್ನು ನಡೆದಿಲ್ಲ ಅಂತ ಬರೆಯೋದು ಹೇಗೆ ಅನ್ನೋದಷ್ಟೇ ಅವಳ ಪ್ರಶ್ನೆ. ಓದಿದ ಮಗಳು ಬಿಟ್ಟುಕೊಡೋಕೆ ತಯಾರಾಗಿದ್ದಾಳೆ, ಓದದ ತಾಯಿ ತಯಾರಿಲ್ಲ. ಮೇಷ್ಟ್ರು ಕೆಟ್ಟವರಲ್ಲ, ಉಪಕಾರ ಮಾಡೋಕೇ ಹೊರಟಿದ್ದಾರೆ. ಅದಕ್ಕೇ ಇಲ್ಲಿ ‘ಬೇಡ’ ಅನ್ನೋದು ಇನ್ನೂ ಕಷ್ಟ.

ಆಡುಮಾತು ಎಷ್ಟಿರಲಿ? ‘ಸಾ’, ‘ಅಲ್ವಾ’, ‘ಓದಿರೋ’ ಇಷ್ಟು ಸಾಕು. ಪ್ರತಿ ‘ಹೋಗು’ವನ್ನೂ ‘ಓಗು’ ಮಾಡಿದರೆ ಓದುಗರ ಗಮನ ಮಾತಿನ ಮೇಲಿಂದ ಉಚ್ಚಾರದ ಮೇಲೆ ಜಾರುತ್ತದೆ.

## ಹಂತ 6: ಹೋಗುವವರು ಯಾರು, ಕಾಯುವವರು ಯಾರು

ಇಬ್ಬರೂ ಒಟ್ಟಿಗೆ ಮಧುಗಿರಿಗೆ ಹೋಗಿ ಬರಬಹುದಲ್ವಾ? ಬರಬಹುದು. ಆದರೆ ಕೈಯಲ್ಲಿ ಉಳಿದ ದುಡ್ಡನ್ನು ಲೆಕ್ಕ ಹಾಕಿ. ಇಬ್ಬರ ವಾಪಸ್ ಟಿಕೆಟ್, ಮೇಲೆ ಸ್ವಲ್ಪ ದುಡ್ಡು ಇಟ್ಟುಕೊಂಡು ಬಂದವರಿಗೆ ಇನ್ನೊಂದು ಸಲ ಇಬ್ಬರೂ ಹೋಗಿ ಬರುವ ದುಡ್ಡು ಇರುವುದಿಲ್ಲ. ಒಬ್ಬರಿಗೆ ಸಾಲುತ್ತದೆ. ಕೊನೆಯ ದಿನ ಕೇಂದ್ರದಲ್ಲಿ ಹೆಸರು ಕೂಗಿದರೆ ಹುಡುಗಿ ಅಲ್ಲೇ ಇರಬೇಕು, ಸ್ಲಿಪ್ಪಿಗೆ ಸಹಿ ಹಾಕಬೇಕಾದವಳು ಅವಳು. ಹೋಗಬೇಕಾದವಳು ತಾಯಿಯೇ.

ಫೋನು ಒಂದೇ, ಕೀಪ್ಯಾಡಿನದು. ಅದನ್ನು ಯಾರ ಕೈಗೆ ಕೊಡುತ್ತೀರಿ? ತಾಯಿ ಒಯ್ದರೆ ಮಗಳಿಗೆ ಏನೂ ತಿಳಿಯುವುದಿಲ್ಲ, ಮಗಳ ಹತ್ತಿರ ಇದ್ದರೆ ತಾಯಿ ಯಾರನ್ನೋ ಕೇಳಿ ಕರೆ ಮಾಡಬೇಕು. ನಾನಾದರೆ ತಾಯಿಗೇ ಕೊಡುತ್ತೇನೆ. ಆಗ ಕಾಯುವುದು ನಿಜವಾದ ಕಾಯುವುದಾಗುತ್ತದೆ.

ಈಗ ಕತೆ ಯಾರ ಜೊತೆ ಹೋಗಬೇಕು? ಹೊಸಬರು ಇಲ್ಲಿ ಎರಡೂ ಕಡೆ ಓಡಾಡುತ್ತಾರೆ. ಒಂದು ಪ್ಯಾರಾ ಮಧುಗಿರಿ, ಒಂದು ಪ್ಯಾರಾ ತುಮಕೂರು. ಹಾಗೆ ಮಾಡಬೇಡಿ. ಮಗಳ ಜೊತೆ ಬೆಂಚಿನ ಮೇಲೆ ಕೂತುಬಿಡಿ. ಮಧುಗಿರಿಯ ಆಫೀಸಿನಲ್ಲಿ ಏನಾಯಿತು ಅನ್ನೋದನ್ನು ಓದುಗರಿಗೆ ತೋರಿಸಲೇ ಬೇಡಿ. ತಾಯಿ ಒಬ್ಬಳೇ ಹೋಗಿ ಗೆದ್ದು ಬಂದ ಕತೆ ಬೇಕೆನಿಸಿದರೆ ಅದನ್ನು ಬೇರೆಯಾಗಿ ಬರೆಯಿರಿ, ಅದಕ್ಕೆ ಬೇರೆ ಶುರು ಬೇಕು.

ಐದು ಗಂಟೆ ಕಾಲ ಕಾಯುವ ಆ ಬೆಂಚಿನಲ್ಲಿ ಏನು ಬರೆಯೋದು? ಯೋಚನೆಗಳನ್ನು ತುಂಬಬೇಡಿ. ಕೇಂದ್ರದಲ್ಲಿ ಕಾಣುವುದನ್ನು ಬರೆಯಿರಿ. ಸಾಲು ಕರಗುತ್ತಾ ಹೋಗುತ್ತದೆ. ಮೇಷ್ಟ್ರು ಟಿಫನ್ ಡಬ್ಬಿ ತೆಗೆಯುತ್ತಾರೆ. ಅಮ್ಮ ಬಿಟ್ಟು ಹೋದ ಬುತ್ತಿಯಲ್ಲಿ ಎರಡು ರೊಟ್ಟಿ ಇವೆ. ಪವಿತ್ರ ಒಂದನ್ನು ತಿಂದು ಇನ್ನೊಂದನ್ನು ಮತ್ತೆ ಸುತ್ತಿಡುತ್ತಾಳೆ. ನಾಲ್ಕು ಗಂಟೆಗೆ ಪಕ್ಕದ ಮೇಜಿನವರು ಬ್ಯಾಗಿಗೆ ಜಿಪ್ ಹಾಕುತ್ತಾರೆ. ಅದೊಂದು ಸದ್ದು ಸಾಕು.

## ಹಂತ 7: ವಾಪಸ್ ಬಂದ ಹಾಳೆ

ಮಧುಗಿರಿಯಲ್ಲಿ ನಡೆದದ್ದನ್ನು ನಾವು ತೋರಿಸಲಿಲ್ಲ. ಅದು ಹಾಳೆಯ ಮೇಲೆ ಮತ್ತು ತಾಯಿಯ ಕೈಯಲ್ಲಿ ಕಾಣಬೇಕು. ಮೊದಲ ಹಂತದ ಬೆರಳು ಬೇಕಾಗುವುದು ಇಲ್ಲಿ.

> ಅಮ್ಮ ಹಾಳೆಯನ್ನು ಫೈಲಿಗೆ ಹಾಕಿರಲಿಲ್ಲ. ಎರಡೂ ಅಂಗೈ ಮೇಲೆ, ಹಪ್ಪಳ ಹಿಡಿದ ಹಾಗೆ ಹಿಡಿದುಕೊಂಡು ಬಂದಳು. ಕೆಳಗೆ ಹಸಿರು ಇಂಕಿನ ಸಹಿ. ಪಕ್ಕದಲ್ಲಿ ನೇರಳೆ ಸೀಲು, ಒಂದು ಕಡೆ ಸ್ವಲ್ಪ ಹರಡಿತ್ತು. ಅಷ್ಟೇ ನೇರಳೆ ಅಮ್ಮನ ಹೆಬ್ಬೆರಳಿನ ಬಿರುಕಿನೊಳಗೂ ಇಳಿದಿತ್ತು.
>
> ‘ಹಸಿ ಇತ್ತು. ಮಡಚಿದ್ರೆ ಕೆಡ್ತದೆ ಅಂದ್ರು’ ಅಂದಳು.

ಸಹಿ ಬಿದ್ದ ಕೂಡಲೇ ಅವಳು ಹೊರಟಿದ್ದಾಳೆ, ಬಸ್ಸಿನಲ್ಲೂ ಹಾಳೆಯನ್ನು ಎಲ್ಲೂ ಇಟ್ಟಿಲ್ಲ. ಇದನ್ನು ನೀವು ಹೇಳಬೇಕಿಲ್ಲ, ಬೆರಳು ಹೇಳುತ್ತದೆ. ಇದರ ಮೇಲೆ ‘ತಾಯಿಯ ಪ್ರೀತಿ’ ಅಂತ ಒಂದು ಸಾಲು ಸೇರಿಸಿದರೂ ಸೀಲಿನ ಬಣ್ಣ ಮಾಸುತ್ತದೆ.

ಒಂದು ಸಣ್ಣ ಎಚ್ಚರಿಕೆ. ಇಂಕು ಒಂದು ಗಂಟೆಯಲ್ಲಿ ಒಣಗುತ್ತದೆ ಅಲ್ವಾ ಅಂತ ಯಾರಾದರೂ ಕೇಳಬಹುದು. ಒಣಗುತ್ತದೆ. ಆದರೂ ಅವಳು ಕೊನೆಯವರೆಗೆ ಹಾಗೇ ಹಿಡಿದುಕೊಂಡಿದ್ದಾಳೆ. ಆ ಅನುಮಾನ ಬಂದವರಿಗೆ ಕತೆ ಇನ್ನಷ್ಟು ಹತ್ತಿರವಾಗುತ್ತದೆ.

## ಹಂತ 8: ಎಲ್ಲಿ ನಿಲ್ಲಿಸಬೇಕು

ಹತ್ತರಲ್ಲಿ ಎಂಟು ಕತೆಗಳು ಇಲ್ಲಿಂದ ಹಾರಿ, ‘ಹತ್ತು ವರ್ಷದ ನಂತರ ಡಾ. ಪವಿತ್ರ’ ಅನ್ನುವಲ್ಲಿಗೆ ಹೋಗುತ್ತವೆ. ಪರಿಶೀಲನೆ ಮುಗಿದರೆ ಸೀಟು ಸಿಕ್ಕಿತು ಅಂತಲ್ಲ. ಇನ್ನು ಕಾಲೇಜುಗಳ ಆಯ್ಕೆ ತುಂಬಬೇಕು, ಹಂಚಿಕೆ ಆಗಬೇಕು, ಸಿಕ್ಕಿದ್ದನ್ನು ಒಪ್ಪಬೇಕೋ ಮುಂದಿನ ಸುತ್ತಿಗೆ ಕಾಯಬೇಕೋ ನೋಡಬೇಕು, ಫೀಸು ಕಟ್ಟಬೇಕು. ಆ ದಿನ ಅವರ ಕೈಗೆ ಸಿಗುವುದು ಒಂದು ಪರಿಶೀಲನಾ ಸ್ಲಿಪ್ಪು ಮಾತ್ರ. ಕತೆಯೂ ಅದಕ್ಕಿಂತ ಮುಂದೆ ಹೋಗಬಾರದು.

ಸ್ಲಿಪ್ಪು ಕೊಡುವ ಮುಂಚೆ ‘ಎಲ್ಲಾ ಸರಿ ಇದೆಯಾ ನೋಡ್ಕೊಂಡು ಸೈನ್ ಮಾಡಮ್ಮ’ ಅಂತ ಮೇಷ್ಟ್ರು ಹೇಳುವುದುಂಟು. ಬೆಳಗ್ಗೆ ನೋಡದೆ ಹೂಂ ಅಂದ ಹುಡುಗಿ ಈಗ ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದುತ್ತಾಳೆ. ಹಿಂದೆ ನಿಂತ ತಾಯಿ ಗಡಿಯಾರ ನೋಡುತ್ತಾಳೆ, ಯಾಕೆಂದರೆ ಊರಿಗೆ ಕೊನೆಯ ಬಸ್ಸು ಹಿಡಿಯಬೇಕು. ನಾನು ಕಟ್ಟಿದ ಕತೆ ನಿಲ್ಲುವುದು ಈ ಜಾಗದಲ್ಲಿ:

> ‘ಬೇಗ ಹಾಕು ಮಗ, ಬಸ್ಸು ಹೋಯ್ತದೆ.’
>
> ‘ತಡಿಯಮ್ಮ’ ಅಂದಳು ಪವಿತ್ರ. ಅವಳ ಬೆರಳು ಇನ್ನೂ ಗ್ರಾಮೀಣದ ಸಾಲಿಗೆ ಬಂದಿರಲಿಲ್ಲ.

## ಕಳಿಸುವ ಮುಂಚೆ

ಕತೆ ಮುಗಿದ ಮೇಲೆ ಅದನ್ನು ಒಮ್ಮೆ ಕೌನ್ಸೆಲಿಂಗ್‌ಗೆ ಹೋಗಿ ಬಂದ ಯಾರಿಗಾದರೂ ಓದಿ ಹೇಳಿ. ಸಾಹಿತ್ಯ ಓದುವವರೇ ಆಗಬೇಕಿಲ್ಲ. ಅವರು ‘ಅದು ಹಾಗಿರಲ್ಲ’ ಅಂತ ತಡೆದ ಕಡೆ ಪೆನ್ಸಿಲ್ಲಿನಲ್ಲಿ ಗೆರೆ ಹಾಕಿ. ನನ್ನ ಕಮ್ಮಟದಲ್ಲಿ ಒಬ್ಬಳು ಇದೇ ಕತೆಯನ್ನು ಬರೆದು ತನ್ನ ಅಮ್ಮನಿಗೇ ಓದಿ ಹೇಳಿದಳು. ಅಮ್ಮ ಪೂರ್ತಿ ಕೇಳಿ, ಒಂದೇ ಪ್ರಶ್ನೆ ಕೇಳಿದರಂತೆ: ‘ಆ ಇನ್ನೊಂದು ರೊಟ್ಟಿ ಯಾರು ತಿಂದ್ರು?’ ಅವಳು ಹೋಗಿ ಆ ಸಾಲು ಬರೆದು ತಂದಳು.